ಬಿದ್ದವರ ಲೆಕ್ಕ

ಹದಿನೇಳು ವರ್ಷ ನೀರಿನ ಫಿಲ್ಟರ್ ಮಾರಿದವನು ನಾನು. ನನ್ನ ಕೈಗೊಂದು ಅಂಕಿ ಕೊಟ್ಟು ನೋಡಿ, ಅದಕ್ಕೆ ಸ್ನಾನ ಮಾಡಿಸಿ, ತಲೆ ಬಾಚಿ, ಇಸ್ತ್ರಿ ಬಟ್ಟೆ ಹಾಕಿಸಿ ನಿಮ್ಮೆದುರು ನಿಲ್ಲಿಸುತ್ತೇನೆ. ಒಂದು ತಿಂಗಳು ಎರಡೇ ಎರಡು ಫಿಲ್ಟರ್ ಮಾರಿ, ಮುಂದಿನ ತಿಂಗಳು ನಾಲ್ಕು ಮಾರಿದೆ ಅನ್ನಿ. ಬೇರೆಯವನಾದರೆ ತಲೆ ತಗ್ಗಿಸಿಕೊಂಡು ಮೀಟಿಂಗಿಗೆ ಹೋಗುತ್ತಾನೆ. ನಾನು ಎದೆ ಸೆಟೆಸಿ, 'ನೂರು ಪರ್ಸೆಂಟ್ ಏರಿಕೆ ಸಾರ್' ಅನ್ನುತ್ತಿದ್ದೆ. ಸುಳ್ಳೇನಲ್ಲವಲ್ಲ!

ಇಷ್ಟೆಲ್ಲ ಜಾಣತನ ಇದ್ದರೂ ಕಂಪನಿ ನಮ್ಮ ಶಾಖೆಯನ್ನೇ ಮುಚ್ಚಿತು. ಮನೆಯಲ್ಲಿ ಕೂತೆ. ಅದೇ ಹೊತ್ತಿಗೆ ನನ್ನ ಹೆಂಡತಿಯ ಆಸ್ಪತ್ರೆಯವರು ಮೂಳೆ ವಾರ್ಡನ್ನು ಮುಚ್ಚುತ್ತೇವೆ ಅಂದರು. ಅವಳು ಆ ವಾರ್ಡಿನ ಇನ್‌ಚಾರ್ಜ್ ನರ್ಸ್. ಮಗಳ ಓದು ಇನ್ನೂ ಮುಗಿದಿಲ್ಲ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಮನೆಯಲ್ಲಿ ಕೂತರೆ ಒಲೆ ಉರಿಯುವುದು ಹೇಗೆ ಅನ್ನುವುದು ನಮ್ಮಿಬ್ಬರ ತಲೆಯಲ್ಲೂ ಹುಳದ ಹಾಗೆ ಕೊರೆಯುತ್ತಿತ್ತು. ಬಾಯಿ ಬಿಟ್ಟು ಇಬ್ಬರೂ ಹೇಳಲಿಲ್ಲ.

ಅಷ್ಟರಲ್ಲಿ ಊರಿನ ಆ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಒಂದು ಜಾಗ ಖಾಲಿಯಿದೆ ಅಂತ ಗೊತ್ತಾಯಿತು. ರೋಗಿಗಳ ಸುರಕ್ಷತೆ ನೋಡಿಕೊಳ್ಳುವ ನರ್ಸ್ ಬೇಕಂತೆ. ಅಂದರೆ ಯಾರೂ ಮಂಚದಿಂದ ಬೀಳದ ಹಾಗೆ, ಯಾರಿಗೂ ತಪ್ಪು ಮಾತ್ರೆ ಹೋಗದ ಹಾಗೆ ಎಲ್ಲ ವಾರ್ಡುಗಳ ಮೇಲೂ ಕಣ್ಣಿಡುವ ಕೆಲಸ. ಅರ್ಜಿಯ ಜೊತೆಗೆ, 'ನಿಮ್ಮ ಸಾಧನೆಯನ್ನು ಅಂಕಿಗಳ ಸಮೇತ ತಿಳಿಸುವ ಪತ್ರ' ಇರಬೇಕು ಅಂತ ಬರೆದಿದ್ದರು.

"ಅಂಕಿ ತಾನೆ? ನೀನು ಕಾಲು ಚಾಚಿ ಕೂತ್ಕೊ. ಇದು ನನ್ನ ಇಲಾಖೆ," ಅಂದೆ.

"ನಾನೇನು ಫಿಲ್ಟರ್ ಮಾರ್ತೀನೇನ್ರೀ? ನನ್ನ ಕೆಲಸದಲ್ಲಿ ಅಂಕಿ ಎಲ್ಲಿಂದ ಬರ್ಬೇಕು?" ಅಂದಳು ಅವಳು.

ಅಂಕಿ ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆ ಇಡೀ ವಾರ್ಡಿಗೇ ಇತ್ತು. ಎಲ್ಲರೂ ಬೇರೆ ಕಡೆ ಅರ್ಜಿ ಹಾಕುತ್ತಿದ್ದರು. ನಾನು ಪತ್ರ ಬರೆದುಕೊಡುತ್ತೇನೆ ಅನ್ನುವ ಸುದ್ದಿ ಹಬ್ಬಿದ್ದೇ ತಡ, ನಮ್ಮ ಊಟದ ಟೇಬಲ್ ಕಚೇರಿಯಾಯಿತು. ಮೊದಲು ಬಂದವನು ವಾರ್ಡಿನ ಗುಮಾಸ್ತ. ಪಾಪ, ಬಡಕಲು ಆಸಾಮಿ, ಮಾತಾಡಿದರೆ ಕೇಳಿಸುವುದೇ ಇಲ್ಲ. ರೋಗಿಯನ್ನು ಮನೆಗೆ ಕಳಿಸುವ ಕಾಗದಪತ್ರ ಅವನ ಕೆಲಸ. ಮೊದಲು ಡಾಕ್ಟರು ಹೋಗಿ ಅಂದಮೇಲೂ ರೋಗಿಗಳು ನಾಲ್ಕು ಗಂಟೆ ಕಾಯುತ್ತಿದ್ದರಂತೆ, ಈಗ ಎರಡೂವರೆ ಗಂಟೆಯಂತೆ. ನನಗೆ ಖುಷಿಯೋ ಖುಷಿ. 'ಒಬ್ಬನೇ ನಿಂತು ಕಾಯುವ ಹೊತ್ತನ್ನು ಒಂದೂವರೆ ಗಂಟೆ ಇಳಿಸಿದೆ' ಅಂತ ಟೈಪ್ ಮಾಡಿದೆ.

ಹಿಂದಿನಿಂದ ನನ್ನವಳು ಇಣುಕಿದಳು. "ಒಬ್ಬನೇ? ಔಷಧಿ ಕೌಂಟರ್ ನಮ್ಮ ಮಹಡಿಗೇ ಬಂತಲ್ಲ, ಅದನ್ನೂ ಇವನೇ ಹೊತ್ಕೊಂಡು ಬಂದ್ನಾ?"

ಗುಮಾಸ್ತ ಕಿವಿಯವರೆಗೂ ಕೆಂಪಾದ. ಅವಳು ಕುರ್ಚಿ ಎಳೆದುಕೊಂಡು ಕೂತು ಅವನನ್ನು ಬಿಡಿಸಿ ಬಿಡಿಸಿ ಕೇಳಿದಳು. ಕೊನೆಗೆ ಗೊತ್ತಾಗಿದ್ದಿಷ್ಟು: ಕೌಂಟರ್ ಬರುವ ಮುಂಚೆಯೇ, ಮರುದಿನ ಹೋಗುವವರ ಕಾಗದವನ್ನು ಹಿಂದಿನ ಸಂಜೆಯೇ ತಯಾರು ಮಾಡಿಡುವ ಪದ್ಧತಿಯನ್ನು ಇವನು ಶುರು ಮಾಡಿದ್ದ, ಅಷ್ಟಕ್ಕೇ ನಾಲ್ಕು ಗಂಟೆ ಮೂರೂಕಾಲಾಗಿತ್ತು. ಉಳಿದ ಮುಕ್ಕಾಲು ಗಂಟೆ ಕೌಂಟರಿನದು. "ನಿಂದೆಷ್ಟೋ ಅಷ್ಟು ಬರಿ. ಏನು ಮಾಡಿದೆ ಅಂತಾನೂ ಬರಿ. ಬರೀ ಗಂಟೆ ನೋಡಿ ಯಾರು ಕೆಲಸ ಕೊಡ್ತಾರೆ?" ಅಂದಳು.

ನನ್ನ ಒಂದೂವರೆ ಗಂಟೆ ಹೋಗಿ ಮುಕ್ಕಾಲು ಗಂಟೆಯಾಯಿತು. ಅರ್ಧಕ್ಕರ್ಧ ರಿಯಾಯಿತಿ ಕೊಟ್ಟು ಮಾರಿದವನ ಹಾಗೆ ಹೊಟ್ಟೆ ಉರಿಯಿತು. ಗುಮಾಸ್ತ ಮಾತ್ರ ಮೊದಲ ಸಲ ಗಟ್ಟಿ ದನಿಯಲ್ಲಿ, "ಹೌದು ಅಕ್ಕ, ಅದು ನಂದೇ ಐಡಿಯಾ," ಅಂದ.

ಆಮೇಲೆ ಅವಳ ಪತ್ರ ಹಿಡಿದು ಕೂತೆವು. ಮೂಳೆ ವಾರ್ಡಿನಲ್ಲಿ ದೊಡ್ಡ ಭಯ ಯಾವುದು ಅಂದರೆ ಬೀಳುವುದು. ಸೊಂಟ, ಮಂಡಿ ಆಪರೇಷನ್ ಆದವರು, ವಯಸ್ಸಾದವರು. ಬಚ್ಚಲಿಗೆ ಹೋಗುವ ಆತುರದಲ್ಲಿ ಒಬ್ಬೊಬ್ಬರೇ ಎದ್ದು ದೊಪ್ಪನೆ ಬೀಳುತ್ತಾರೆ. ಹಾಗಾಗಬಾರದು ಅಂತ ಇವಳು ಒಂದು ಪದ್ಧತಿ ತಂದಿದ್ದಳು. ಎರಡು ಗಂಟೆಗೊಮ್ಮೆ ನರ್ಸೇ ಹೋಗಿ, 'ಬಚ್ಚಲಿಗೆ ಹೋಗಬೇಕಾ?' ಅಂತ ಕೇಳಿ ಕರೆದುಕೊಂಡು ಹೋಗುವುದು. ಯಾರಾದರೂ ತಪ್ಪಿಸಿದರೆ ಸಿಡಿಯುತ್ತಿದ್ದಳು. ವಾರ್ಡಿನವರು ಬೆನ್ನ ಹಿಂದೆ ಇವಳಿಗೆ ಸೈರನ್ ಅನ್ನುತ್ತಾರೆ. ಇವಳಿಗೂ ಗೊತ್ತು. ಒಳಗೊಳಗೇ ಸ್ವಲ್ಪ ಹೆಮ್ಮೆ ಕೂಡ.

"ಪದ್ಧತಿ ತರೋ ಮುಂಚೆ ವರ್ಷಕ್ಕೆ ಎಷ್ಟು ಜನ ಬಿದ್ರು?"

"ಇಪ್ಪತ್ನಾಲ್ಕು."

"ತಂದ ಮೇಲೆ?"

"ಒಂಬತ್ತು."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಅಬ್ಬಬ್ಬಾ! ಅರವತ್ತೆರಡು ಪರ್ಸೆಂಟ್ ಇಳಿಕೆ! ಇಷ್ಟು ದಿನ ಈ ಚಿನ್ನಾನ ಎಲ್ಲಿ ಬಚ್ಚಿಟ್ಕೊಂಡಿದ್ದೆ ಮಹಾತಾಯಿ?"

ಅವಳು ನಗಲಿಲ್ಲ. "ಕೂತ್ಕೊಳ್ರೀ. ಮೊದಲು ನಲವತ್ತು ಹಾಸಿಗೆ ಇತ್ತು. ಆಮೇಲೆ ಛಾವಣಿ ಸೋರಿ ಅರ್ಧ ವಾರ್ಡ್ ಮುಚ್ಚಿದ್ರು, ಇಪ್ಪತ್ತೇ ಹಾಸಿಗೆ. ಜನ ಅರ್ಧ ಆದ್ರೆ ಬೀಳೋರೂ ಅರ್ಧ ಆಗಲ್ವಾ?"

"ಅದನ್ನ ಪತ್ರದಲ್ಲಿ ಯಾರು ಕೇಳ್ತಾರೆ?"

"ಅಲ್ಲಿ ಕೂತಿರೋರು ಮೊದಲು ಕೇಳೋದೇ ಅದು." ಕಾಗದ ಎಳೆದುಕೊಂಡಳು. ಒಬ್ಬ ರೋಗಿ ಒಂದು ದಿನ ಹಾಸಿಗೆಯಲ್ಲಿದ್ದರೆ ಅದನ್ನು ಒಂದು ಅಂತ ಎಣಿಸುತ್ತಾರಂತೆ. ಆ ಲೆಕ್ಕದಲ್ಲಿ ಮೊದಲ ವರ್ಷ ಹನ್ನೆರಡು ಸಾವಿರ, ಎರಡನೆಯ ವರ್ಷ ಆರು ಸಾವಿರ. ಸಾವಿರಕ್ಕೆ ಎರಡು ಬೀಳುತ್ತಿದ್ದದ್ದು ಒಂದೂವರೆಯಾಗಿದೆ. "ಕಾಲು ಭಾಗ ಇಳಿದಿದೆ, ಅಷ್ಟೇ. ಅದೂ ಇನ್ನು ಮೂರು ಜನ ಬಿದ್ದಿದ್ರೆ ಮೊದಲಿನಷ್ಟೇ ಆಗ್ತಿತ್ತು. ಇಷ್ಟು ಸಣ್ಣ ಲೆಕ್ಕದ ಮೇಲೆ ಜಾಸ್ತಿ ಕುಣಿಯೋಕಾಗಲ್ಲ."

ಹೀಗೆ ಅಂದಳೇ ಹೊರತು, ಆ ಒಂದೂವರೆಯ ಮೇಲೆ ಬೆರಳಿಟ್ಟುಕೊಂಡು ತುಂಬ ಹೊತ್ತು ಕೂತಿದ್ದಳು. ಮುಖ ಬೆಳಗಿತ್ತು. ಬೈದು, ಬೈಸಿಕೊಂಡು, ಕಾಲು ಊದಿಸಿಕೊಂಡು ದುಡಿದದ್ದಕ್ಕೆ ಒಂದು ಗುರುತು ಸಿಕ್ಕಿತಲ್ಲ ಅನ್ನುವ ಸಮಾಧಾನ ಅದು. ನನಗೂ ಅವಳನ್ನು ಹಾಗೆ ನೋಡಿ ಕರುಳು ತಂಪಾಯಿತು. ಇಪ್ಪತ್ತೈದು ಪರ್ಸೆಂಟ್‌ಗೇ ಒಪ್ಪಿಕೊಂಡೆ.

ಗುಬ್ಬಿ ಬಂದದ್ದು ಮರುದಿನ ಸಂಜೆ. ಅವಳು ಇವಳ ಕೈಕೆಳಗಿನ ನರ್ಸ್. ಕೆಲಸಕ್ಕೆ ಸೇರಿ ಮೂರು ವರ್ಷ. ಪುಟ್ಟಗೆ, ಚುರುಕಾಗಿ ಓಡಾಡುತ್ತಾಳೆ ಅಂತ ಗುಬ್ಬಿ. ಅವಳ ಪತ್ರವನ್ನು ನಾನು ಮೊದಲೇ ಟೈಪ್ ಮಾಡಿಟ್ಟಿದ್ದೆ. ಇನ್‌ಚಾರ್ಜ್ ಆದ ನನ್ನ ಹೆಂಡತಿ ಓದಿ ಸರಿಯಿದೆ ಅಂದರೆ ಮುಗಿಯಿತು. ಬೇರೆ ನರ್ಸುಗಳ ಪತ್ರದಲ್ಲೆಲ್ಲ, 'ನನ್ನ ಪಾಳಿಯಲ್ಲಿ ಈ ವರ್ಷ ಬಿದ್ದವರು ಇಷ್ಟೇ ಜನ' ಅನ್ನುವ ಸಾಲು ಇತ್ತು. ಗುಬ್ಬಿ ಪಾಳಿಯಲ್ಲಿ ಒಬ್ಬರೂ ಬಿದ್ದಿರಲಿಲ್ಲ. ಆದರೆ ಆ ಸಾಲನ್ನು ಅವಳು ಪೆನ್ನಿನಿಂದ ಹೊಡೆದುಹಾಕಿದ್ದಳು.

"ಯಾಕೆ ಹೊಡೆದೆ?" ನನ್ನವಳು ಕೇಳಿದಳು.

"ಬೇಡ ಸಿಸ್ಟರ್."

"ಬೇಡ ಅಂದ್ರೆ? ಇಡೀ ವಾರ್ಡಲ್ಲಿ ನೀನೊಬ್ಳೇ ಒಬ್ಬರನ್ನೂ ಬೀಳಿಸದೆ ವರ್ಷ ಕಳೆದೋಳು. ನಾಚಿಕೆ ಪಟ್ಕೊಂಡು ಕೂತ್ರೆ ಅನ್ನ ಹುಟ್ಟುತ್ತೇನೇ? ಬರಿ!"

"ಬೇಡ ಸಿಸ್ಟರ್, ದಮ್ಮಯ್ಯ."

ನಾನೂ ಬಾಯಿ ಹಾಕಿದೆ. "ಬರೀಮ್ಮ. ಒಬ್ಬರೂ ಬೀಳ್ಲಿಲ್ಲ ಅಂದ್ರೆ ಎಂಥ ಅಂಕಿ ಗೊತ್ತಾ? ಅದಕ್ಕೆ ನಾನು ಪಾಲಿಶ್ ಹಾಕೋದೂ ಬೇಡ!"

ಗುಬ್ಬಿ ಟೇಬಲ್ಲಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಬಿಕ್ಕಿ ಬಿಕ್ಕಿ ಅಳತೊಡಗಿದಳು. ನನಗೆ ಏನು ಮಾಡಬೇಕೋ ತೋಚದೆ ನೀರು ತಂದಿಟ್ಟೆ. ಅವಳು ಕುಡಿಯಲಿಲ್ಲ.

"ಬಿದ್ದಿದ್ರು ಸಿಸ್ಟರ್. ಹೊಲಿಗೆ ಅಜ್ಜಿ. ಹೋದ ವಾರ."

ಹೊಲಿಗೆ ಅಜ್ಜಿ ಅಂದರೆ ಸೊಂಟದ ಆಪರೇಷನ್ನಿಗೆ ಬಂದಿದ್ದ ಮುದುಕಿ. ಜೀವನವಿಡೀ ಬಟ್ಟೆ ಹೊಲಿದವಳು, ಈಗಲೂ ಮಂಚದ ಮೇಲೆ ಕೂತು ಪಕ್ಕದ ರೋಗಿಗಳ ಅಂಗಿಗೆ ಗುಂಡಿ ಹೊಲಿದುಕೊಡುತ್ತಾಳೆ ಅಂತ ನನ್ನವಳೇ ನಗುತ್ತಾ ಹೇಳಿದ್ದಳು. ಗುಬ್ಬಿ ಇನ್ನೊಬ್ಬ ರೋಗಿಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಿದ್ದಾಗ ಅಜ್ಜಿ ಎದ್ದು, ಕೈ ಊರಿಕೊಂಡು ಬಿದ್ದಿದ್ದಾಳೆ. ಗುಬ್ಬಿ ಓಡಿ ಬಂದು ಎತ್ತಿದ್ದಾಳೆ. ವರದಿ ಬರೆಯಬೇಕು, ಡಾಕ್ಟರಿಗೆ ಹೇಳಬೇಕು. ಆಗ ಅಜ್ಜಿಯೇ ಅಂದಳಂತೆ: "ಸುಮ್ನಿರು ಮಗಾ, ನಂಗೇನೂ ಆಗಿಲ್ಲ. ದೊಡ್ಡ ಸಿಸ್ಟರಿಗೆ ಗೊತ್ತಾದ್ರೆ ನಿನ್ನ ಹಸಿಹಸೀ ತಿಂದುಬಿಡ್ತಾರೆ."

ಹೇಳಿ ಮುಗಿಸಿ ಗುಬ್ಬಿ ತಲೆ ತಗ್ಗಿಸಿದಳು. ಈಗ ಸೈರನ್ ಕೂಗುತ್ತದೆ ಅಂತ ನಾನೂ ಕಾದೆ. ಕೂಗಲಿಲ್ಲ. ನನ್ನ ಹೆಂಡತಿಯ ಮುಖದಲ್ಲಿ ರಕ್ತವೇ ಇರಲಿಲ್ಲ.

"ಕೈ ನೋಯ್ತಿದೆ ಅಂತ ಅಜ್ಜಿ ಅಂದಿದ್ರಾ?" ತುಂಬಾ ಸಣ್ಣ ದನಿಯಲ್ಲಿ ಕೇಳಿದಳು.

"ಬಲಗೈ ಮಣಿಕಟ್ಟು. ಡ್ರಿಪ್ ಹಾಕಿದ್ದಕ್ಕೆ ನೋವು ಅಂತ ಎಲ್ರಿಗೂ ಹೇಳ್ತಿದ್ದಾರೆ."

ನನ್ನವಳು ಆಗಲೇ ಫೋನ್ ಎತ್ತಿ ಡ್ಯೂಟಿಯಲ್ಲಿದ್ದ ಡಾಕ್ಟರಿಗೆ ಹೇಳಿದಳು. ಫೋನಿಟ್ಟು, ಬಾಗಿಲವರೆಗೆ ಹೋದವಳು ಹಿಂತಿರುಗಿ ನಿಂತಳು. "ಇದೊಂದೇನಾ?"

ಗುಬ್ಬಿ ಇಲ್ಲ ಅಂತ ತಲೆಯಾಡಿಸಿದಳು.

ಅಜ್ಜಿಯ ಸೊಂಟಕ್ಕೆ ಏನೂ ಆಗಿರಲಿಲ್ಲ, ಪುಣ್ಯ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಒಂದು ವಾರ ಆ ಮುದುಕಿ ಬಿರುಕು ಬಿಟ್ಟ ಕೈಯಲ್ಲೇ ವಾಕರ್ ಹಿಡಿದು ನಡೆದಿದ್ದಾಳೆ, ಒಬ್ಬ ಹುಡುಗಿ ಬೈಸಿಕೊಳ್ಳಬಾರದು ಅಂತ. ಬಲಗೈಗೆ ಪ್ಲಾಸ್ಟರ್ ಬಿತ್ತು. ಪ್ಲಾಸ್ಟರ್ ಹಾಕುವಾಗಲೂ ಅಜ್ಜಿ, "ಆ ಮಗೂನ ಬೈಬೇಡಿ ಸಿಸ್ಟರ್," ಅಂತಲೇ ಇದ್ದಳಂತೆ.

ಮುಂದಿನ ನಾಲ್ಕೈದು ದಿನ ಇವಳು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದಳು. ನರ್ಸುಗಳನ್ನು, ಆಯಾಗಳನ್ನು, ಗುಮಾಸ್ತನನ್ನು. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. "ನಾನು ಬೈದ್ರೆ ನೀವೂ ತಿರುಗಿ ಬೈಯಿರಿ, ಆದ್ರೆ ಹೇಳಿ," ಅಂದಳಂತೆ. ಆಮೇಲೆ ಒಂದೊಂದೇ ಹೊರಗೆ ಬಂತು. ಬರೆದದ್ದು ಒಂಬತ್ತು. ಬರೆಯದೆ ಬಿಟ್ಟದ್ದು ಇನ್ನೂ ಏಳು, ಅದೂ ನೆನಪಿಗೆ ಬಂದಷ್ಟು. ಹಳೆಯ ತಾರೀಖು ಹಾಕದೆ, 'ತಡವಾಗಿ ತಿಳಿದದ್ದು' ಅಂತ ಬರೆದು ತನಗೆ ತಿಳಿದ ದಿನದ ತಾರೀಖಿನಲ್ಲೇ ಎಲ್ಲವನ್ನೂ ಮೇಲಿನವರಿಗೆ ಕಳಿಸಿದಳು. ಅವರು, 'ಮುಚ್ಚೋ ವಾರ್ಡಿನ ಹೆಣ ಯಾಕೆ ಕೆದಕ್ತೀರಿ' ಅಂದರಂತೆ.

ಅವತ್ತು ಮನೆಗೆ ಬಂದು ಚಪ್ಪಲಿ ಕೂಡ ಬಿಚ್ಚದೆ ಸೋಫಾದಲ್ಲಿ ಕುಸಿದಳು.

"ಹದಿನಾರು ಕಣ್ರೀ. ಸಾವಿರಕ್ಕೆ ಒಂದೂವರೆ ಅಲ್ಲ, ಎರಡೂವರೆಗೂ ಜಾಸ್ತಿ."

"ಅಂದ್ರೆ ಮೊದಲಿಗಿಂತ ಹೆಚ್ಚಾಯ್ತಾ?"

"ಅದೂ ಹೇಳೋಕಾಗಲ್ಲ. ಮೊದಲಿನ ಇಪ್ಪತ್ನಾಲ್ಕು ಮಾತ್ರ ಸತ್ಯ ಅಂತ ಯಾರಿಗೆ ಗೊತ್ತು? ಆಗ್ಲೂ ನಾನೇ ಅಲ್ವಾ ಇದ್ದದ್ದು? ಹೋಲಿಸೋಕೆ ಕೈಯಲ್ಲಿ ಏನೂ ಇಲ್ಲ." ಚಪ್ಪಲಿ ಕಳಚಿ ಪಕ್ಕಕ್ಕೆ ತಳ್ಳಿ, "ನನ್ನ ಪದ್ಧತಿ ಕೆಲಸ ಮಾಡ್ತೋ ಇಲ್ವೋ, ಅದೂ ಗೊತ್ತಾಗಲ್ಲ. ನನ್ನ ಬಾಯಿ ಮಾತ್ರ ಚೆನ್ನಾಗಿ ಕೆಲಸ ಮಾಡಿದೆ," ಅಂದು ಅತ್ತಳು.

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಕಡಿಮೆ. ನನಗೆ ಸಂಕಟವಾಯಿತು. ಸಂಕಟವಾದರೆ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಹಣೆಬರಹ. ಸಿಟ್ಟಿನಲ್ಲಿ ಅನ್ನಬಾರದ್ದನ್ನೆಲ್ಲ ಅಂದೆ.

"ಸರಿ, ಆಯ್ತು. ಕಡತದಲ್ಲಿ ಒಂಬತ್ತಿದೆ. ವರ್ಷದ ಲೆಕ್ಕ ಸಹಿ ಆಗಿ ಮುಗಿದಿದೆ. ಪತ್ರದಲ್ಲಿ ಒಂಬತ್ತು ಅಂತ ಬರೆದ್ರೆ ಯಾರು ಸುಳ್ಳು ಅಂತಾರೆ? ನಿನ್ನ ತಪ್ಪನ್ನ ನೀನೇ ತಮಟೆ ಹೊಡೆದು ಸಾರೋಕೆ ಹೊರಟಿದ್ದೀಯಲ್ಲ, ಮಗಳ ಫೀಸು ಯಾರು ಕಟ್ತಾರೆ? ನಾನು ಮನೇಲಿ ಕೂತಿದ್ದೀನಿ, ಗೊತ್ತಿದೆ ತಾನೆ?"

"ಗೊತ್ತಿದೆ."

"ಮತ್ತೆ?"

"ಆ ಅಂಕಿ ತೋರಿಸಿ ನಾನು ಸುರಕ್ಷತೆ ನೋಡ್ಕೊಳ್ಳೋ ಕೆಲಸ ತಗೊಳ್ಲಾ? ಅಜ್ಜಿ ಬಿರುಕು ಬಿಟ್ಟ ಕೈಯಲ್ಲಿ ಒಂದು ವಾರ ನಡೆದದ್ದು ಆ ಅಂಕಿಯಿಂದಾನೇ ಕಣ್ರೀ. ಒಂಬತ್ತು ಒಂಬತ್ತಾಗೇ ಇರ್ಲಿ ಅಂತ ಎಲ್ರೂ ಸೇರಿ ಕಾಪಾಡಿದ್ದಾರೆ, ನನಗೋಸ್ಕರ."

ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಎರಡು ದಿನ ನಾವು ಮಾತು ಬಿಟ್ಟೆವು. ಉಪ್ಪು ಬೇಕಾದರೆ ಮಗಳ ಮೂಲಕ ಕೇಳುತ್ತಿದ್ದೆ, ಅವಳೂ ಮಗಳ ಮೂಲಕವೇ ಇಲ್ಲ ಅನ್ನುತ್ತಿದ್ದಳು.

ಅರ್ಜಿಗೆ ಇನ್ನೂ ಮೂರು ವಾರ ಇತ್ತು. ಆ ಮೂರು ವಾರ ವಾರ್ಡಿನಲ್ಲಿ ಏನಾಯಿತು ಅಂತ ಗುಬ್ಬಿ ಆಮೇಲೆ ನನಗೆ ಹೇಳಿದಳು. ಪಾಳಿ ಬದಲಾಗುವ ಹೊತ್ತಿನಲ್ಲಿ ಇವಳು ಎಲ್ಲರೆದುರು ನಿಂತು, "ತಪ್ಪು ನಂದು" ಅಂದಳಂತೆ. ಬಿದ್ದರೆ, ಬೀಳುವುದರಲ್ಲಿದ್ದರೆ, ಅದೇ ಪಾಳಿಯಲ್ಲಿ ಹೇಳಿ, ಬೈಯುವುದಿಲ್ಲ ಅಂದಳಂತೆ. ಯಾರೂ ನಂಬಲಿಲ್ಲ. ಮೊದಲು ಹೇಳಿದವಳು ಒಬ್ಬ ಆಯಾ. ಒಬ್ಬ ರೋಗಿ ಒದ್ದೆ ನೆಲದಲ್ಲಿ ಜಾರಿದ್ದ, ಆ ಆಯಾ ಹಿಡಿದುಕೊಂಡಿದ್ದಳು. ಸೈರನ್ ಬಾಯಿ ತೆರೆಯಿತಂತೆ, ಮತ್ತೆ ಮುಚ್ಚಿತಂತೆ. "ಕುತ್ತಿಗೆ ನರ ಉಬ್ಬಿತ್ತು ಅಣ್ಣ, ಆದ್ರೂ ಬೈಲಿಲ್ಲ. 'ನೆಲ ಯಾಕೆ ಒದ್ದೆ ಇತ್ತು?' ಅಂತ ಮಾತ್ರ ಕೇಳಿದ್ರು," ಅಂದಳು ಗುಬ್ಬಿ. ನೋಡಿದರೆ ಊಟದ ಹೊತ್ತಿಗೇ ನೆಲ ಒರೆಸುತ್ತಿದ್ದರು. ಆ ಹೊತ್ತು ಬದಲಾಯಿಸಿದರು. ಆಮೇಲೆ ಒಬ್ಬೊಬ್ಬರಾಗಿ ಬಂದು ಹೇಳತೊಡಗಿದರಂತೆ.

ಕೊನೆಯ ದಿನ ಅವಳೇ ನನ್ನ ಹತ್ತಿರ ಬಂದು, "ಟೈಪ್ ಮಾಡ್ತೀರಾ, ಇಲ್ಲ ಮಗಳಿಗೆ ಹೇಳ್ಲಾ?" ಅಂದಳು.

ಮಾಡಿದೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ. 'ನನ್ನ ವಾರ್ಡಿನಲ್ಲಿ ಕಳೆದ ಒಂದು ವರ್ಷದಲ್ಲಿ ಬಿದ್ದವರು ಒಂಬತ್ತು ಜನ ಎಂದು ದಾಖಲೆಯಲ್ಲಿದೆ. ವಿಚಾರಿಸಿದಾಗ ಕನಿಷ್ಠ ಹದಿನಾರು ಎಂದು ತಿಳಿಯಿತು. ಸಿಬ್ಬಂದಿ ನನಗೆ ಹೆದರಿ ಹೇಳಿರಲಿಲ್ಲ. ಹಾಗಾಗಿ ಹಿಂದಿನ ಅಂಕಿಗಳನ್ನು ನನ್ನ ಸಾಧನೆಯೆಂದು ಕೊಡುತ್ತಿಲ್ಲ. ಬೈಯುವುದನ್ನು ಬಿಟ್ಟ ಮೂರು ವಾರಗಳಲ್ಲಿ ಬಿದ್ದವರು ಇಬ್ಬರು, ಬೀಳುವುದರಲ್ಲಿದ್ದವರು ಒಂಬತ್ತು ಜನ. ಹನ್ನೊಂದೂ ಅದೇ ಪಾಳಿಯಲ್ಲಿ ನನಗೆ ತಿಳಿಯಿತು, ಬಿದ್ದ ಇಬ್ಬರನ್ನೂ ಅಂದೇ ಡಾಕ್ಟರು ನೋಡಿದರು. ಇದರಿಂದ ಬೀಳುವುದು ಕಡಿಮೆಯಾಗಿದೆ ಎಂದು ಹೇಳಲು ಮೂರು ವಾರ ಸಾಲದು.'

"ಕೊನೇ ಸಾಲನ್ನಾದ್ರೂ ಬಿಡೇ," ಅಂತ ಗೋಗರೆದೆ. "ಮಾರೋಕೆ ಬಂದೋನು ತನ್ನ ಫಿಲ್ಟರ್ ಸೋರಬಹುದು ಅಂತ ಹೇಳ್ತಾನಾ?"

"ಅದನ್ನ ಬಿಟ್ರೆ ಅವ್ರು ಕಡಿಮೆ ಆಗಿದೆ ಅಂದ್ಕೊಳ್ತಾರೆ."

"ಅಂದ್ಕೊಳ್ಲಿ!"

"ಬೇಡ."

ಕಳಿಸಿದೆ. ಕಳಿಸಿ, ಕೆಲಸ ಕೈಬಿಟ್ಟು ಹೋಯಿತು ಅಂತ ಎಳ್ಳುನೀರು ಬಿಟ್ಟು ಕೂತೆ. ಹತ್ತು ದಿನಕ್ಕೆ ಸಂದರ್ಶನಕ್ಕೆ ಬನ್ನಿ ಅಂತ ಕರೆ ಬಂತು.

ನಾನೂ ಜೊತೆಗೆ ಹೋದೆ. ಹೊರಗಿನ ಬೆಂಚಿನಲ್ಲಿ ಕೂತೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಇಬ್ಬರು, ಟೈ ಕಟ್ಟಿದ ಒಬ್ಬ ಆಫೀಸರು, ತಲೆ ಬೆಳ್ಳಗಾದ ಮುಖ್ಯ ನರ್ಸಮ್ಮ.

"ಬೇರೆಯವರೆಲ್ಲ ಏನು ಇಳಿಸಿದ್ವಿ ಅಂತ ಬರೆದಿದ್ದಾರೆ. ನೀವು ಏರಿದ್ದು ಬರೆದಿದ್ದೀರಿ. ಇದು ಸಾಧನೆಯ ಪತ್ರಾನೋ, ತಪ್ಪೊಪ್ಪಿಗೆಯೋ?" ಅಂದರು ಆಫೀಸರು.

"ನನ್ನ ಹತ್ರ ನಿಜವಾಗಿರೋ ಅಂಕಿ ಅಷ್ಟೇ ಸಾರ್," ಅಂದಳು ನನ್ನವಳು.

"ಹನ್ನೊಂದು ಜನ ಬಂದು ಹೇಳಿದ್ರು ಅನ್ನೋದರಲ್ಲಿ ಏನು ದೊಡ್ಡದಿದೆ?"

ಅವಳು ಉತ್ತರ ಕೊಡುವಷ್ಟರಲ್ಲಿ ನರ್ಸಮ್ಮ ಬಾಯಿ ಹಾಕಿದರು. "ನಿಮ್ಮ ಹುಡುಗಿಯರು ಈಗ ನಿಮಗೆ ಹೆದರಲ್ವಾ?"

ಇಲ್ಲ ಅನ್ನೇ, ಇಲ್ಲ ಅನ್ನು ಅಂತ ನಾನು ಹೊರಗೆ ಕೂತು ಜಪಿಸಿದೆ.

"ಹೆದರ್ತಾರೆ ಮೇಡಂ. ಮೊದಲಿಗಿಂತ ಕಡಿಮೆ. ಅದನ್ನ ಅಳೆಯೋಕೆ ನನ್ನ ಹತ್ರ ಅಂಕಿ ಇಲ್ಲ."

ಒಳಗೆ ಕುರ್ಚಿ ಸರಿದ ಸದ್ದಾಯಿತು. ನರ್ಸಮ್ಮ ಹೊರಗೆ ಬಂದರು, ಹಿಂದೆ ನನ್ನ ಹೆಂಡತಿ. "ಬನ್ನಿ, ಒಂದು ವಾರ್ಡ್ ತೋರಿಸ್ತೀನಿ," ಅಂದರು. ನನ್ನನ್ನು ಯಾರೂ ಕರೆಯಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಚೀಲ ಹಿಡಿದು ಹಿಂದೆಯೇ ಹೋದೆ.

ಎರಡನೆಯ ಮಹಡಿಯ ವಾರ್ಡು. ಬಾಗಿಲ ಪಕ್ಕ ದೊಡ್ಡ ಬೋರ್ಡ್: ಈ ವರ್ಷ ಬಿದ್ದವರು ಸೊನ್ನೆ. ಕೆಳಗೆ ನಗುಮುಖದ ಚಿತ್ರ. ಒಳಗೆ ಮೂವರು ನರ್ಸುಗಳು ನರ್ಸಮ್ಮನನ್ನು ಕಂಡಿದ್ದೇ ತಡ ಸರಕ್ಕನೆ ಎದ್ದು ನಿಂತರು. ಮೂವರ ಮುಖದಲ್ಲೂ ಒಂದೇ ಅಳತೆಯ ನಗು. ಆ ನಗುವನ್ನು ನಾನು ಬಲ್ಲೆ. ಟಾರ್ಗೆಟ್ ಕೇಳಲು ಮ್ಯಾನೇಜರ್ ಬಂದಾಗಲೆಲ್ಲ ನಾನು ಹಾಕಿಕೊಳ್ಳುತ್ತಿದ್ದ ನಗು ಅದು.

"ಇಲ್ಲಿ ಯಾರೂ ಬಿದ್ದಿಲ್ಲ," ಅಂದರು ನರ್ಸಮ್ಮ. ಹೊಗಳುತ್ತಿದ್ದಾರೋ, ಕೇಳುತ್ತಿದ್ದಾರೋ ನನಗೆ ಗೊತ್ತಾಗಲಿಲ್ಲ.

ನನ್ನ ಹೆಂಡತಿ ಆ ಮೂವರ ಕಡೆ ತಿರುಗಿದಳು. "ನನ್ನ ವಾರ್ಡಲ್ಲಿ ಹದಿನಾರು ಜನ ಬಿದ್ರು. ಏಳು ನನಗೆ ಗೊತ್ತೇ ಆಗ್ಲಿಲ್ಲ. ನನ್ನ ಬಾಯಿಗೆ ಹೆದರಿ ನಮ್ಮವರು ಹೇಳಿರಲಿಲ್ಲ," ಅಂದಳು. ಅಷ್ಟೇ. ಮೂವರ ನಗು ಸ್ವಲ್ಪ ಸಡಿಲವಾಯಿತು.

ಹೊರಗೆ ಬಂದು ನರ್ಸಮ್ಮ, "ನನ್ನ ಕೈಯಲ್ಲಿ ಎಲ್ಲ ಇಲ್ಲ. ಆಫೀಸಿನವರು ನಿಮ್ಮ ಪತ್ರ ಓದಿ ಗಾಬರಿಯಾಗಿದ್ದಾರೆ. ತಿಳಿಸ್ತೀವಿ," ಅಂದು ಹೊರಟುಹೋದರು. ತಿಳಿಸುತ್ತೇವೆ ಅಂದರೆ ಏನು ಅರ್ಥ ಅಂತ ಹದಿನೇಳು ವರ್ಷ ಮನೆಮನೆ ಬಾಗಿಲು ತಟ್ಟಿದ ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಲಿಫ್ಟಿನ ಮುಂದೆ ನಿಂತೆವು. ಆಗ ಹಿಂದಿನಿಂದ ಓಡಿ ಬರುವ ಸದ್ದು ಕೇಳಿಸಿತು. ಆ ವಾರ್ಡಿನ ಮೂವರಲ್ಲಿ ಒಬ್ಬಳು. ಏದುಸಿರು ಬಿಡುತ್ತಿದ್ದಳು.

"ಮೇಡಂ, ನೀವು ಇಲ್ಲಿಗೆ ಬರ್ತೀರಾ? ಕೆಲಸಕ್ಕೆ?"

"ಗೊತ್ತಿಲ್ಲಮ್ಮ. ಬಹುಶಃ ಇಲ್ಲ."

ಆ ಹುಡುಗಿ ಹಿಂದೆ ತಿರುಗಿ ವಾರ್ಡಿನ ಬಾಗಿಲು ನೋಡಿದಳು. ಅವಳ ಕಣ್ಣು ತುಂಬಿತ್ತು. "ನೀವು ಬರದೇ ಇದ್ರೆ ನಾನಿದನ್ನ ಯಾರಿಗೆ ಹೇಳ್ಲಿ?"

ಲಿಫ್ಟಿನ ಬಾಗಿಲು ತೆರೆಯಿತು, ಮತ್ತೆ ಮುಚ್ಚಿತು. ನನ್ನ ಹೆಂಡತಿ ಅವಳ ಕೈ ಹಿಡಿದು ಗೋಡೆ ಪಕ್ಕದ ಬೆಂಚಿನ ಮೇಲೆ ಕೂರಿಸಿದಳು.

"ಮೊದಲು ಇದನ್ನ ಹೇಳು," ಅಂದಳು. "ಬಿದ್ದೋರು ಈಗ ಎಲ್ಲಿದ್ದಾರೆ? ಡಾಕ್ಟರು ನೋಡಿದ್ರಾ?"